ಗಾಳಿಯಲ್ಲಿ ನಿಂತ ಮೋಲ್ಡು: ಕಟ್ಟುತ್ತಿರುವ ಕಟ್ಟಡವನ್ನು ರೆಂಡರ್ ಮಾಡಿದ ನನ್ನ ಅನುಭವ

ಮೈಸೂರಿನ ಹೊರವಲಯದಲ್ಲಿ ನೆಲ ಅಂತಸ್ತಿನ ಮೇಲೆ ನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟ್. ಮುಗಿದ ಕಟ್ಟಡದ ಚಿತ್ರಗಳನ್ನು ನಾನೇ ಮಾಡಿಕೊಟ್ಟಿದ್ದೆ. ಆಮೇಲೆ ಬಿಲ್ಡರ್ ಕಡೆಯಿಂದ ಇನ್ನೊಂದು ಕೆಲಸ ಬಂತು. ಮುಂದಿನ ತಿಂಗಳುಗಳಲ್ಲಿ ಕಟ್ಟಡ ಎಷ್ಟೆಷ್ಟು ಎದ್ದಿರುತ್ತದೆ ಎಂದು ಫ್ಲ್ಯಾಟ್ ಬುಕ್ ಮಾಡಿದವರಿಗೆ ತೋರಿಸುವ ಚಿತ್ರಗಳು ಬೇಕು ಅಂದರು. ನನಗೆ ಇದು ಸುಲಭ ಅನ್ನಿಸಿತು. ಮಾಡೆಲ್ ಹೇಗೂ ಇದೆ, ಬಣ್ಣ, ಕಿಟಕಿ, ಗ್ರಿಲ್ ಎಲ್ಲ ತೆಗೆದು, ಮೇಲಿನ ಮಹಡಿ ಅಳಿಸಿ, ಸುತ್ತ ಸಾರ್ವೆ ನಿಲ್ಲಿಸಿದರೆ ಆಯ್ತಲ್ಲ.

ಎರಡು ದಿನದಲ್ಲಿ ಚಿತ್ರ ಸಿದ್ಧವಾಯಿತು. ನೋಡಲು ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪ್ ಹಿಡಿದು ಸೈಟಿಗೆ ಹೋಗಿ ಎಂಜಿನಿಯರ್‌ಗೆ ತೋರಿಸಿದೆ. ಅವರು ಏನೂ ಹೇಳುವ ಮೊದಲೇ ಹಿಂದೆ ನಿಂತಿದ್ದ ಮೇಸ್ತ್ರಿ ನಕ್ಕರು. "ಏನ್ ಸಾರ್, ಮೋಲ್ಡು ಗಾಳೀಲಿ ನಿಂತಿದೆ?"

ಅವರು ಹೇಳಿದ್ದು ಸರಿ. ಚಿತ್ರದ ಲೆಕ್ಕಕ್ಕೆ ಹೋದ ವಾರ ಹಾಕಿದ ಸ್ಲ್ಯಾಬಿನ ಕೆಳಗೆ, ಅದು ಗಟ್ಟಿಯಾಗುವ ತನಕ ಹೊತ್ತು ನಿಲ್ಲುವ ಜಾಕಿ ಒಂದೇ ಒಂದೂ ಇರಲಿಲ್ಲ. ಅದರ ಬದಲು ಅಲ್ಲಿ ನೀಟಾಗಿ ಇಟ್ಟಿಗೆ ಗೋಡೆ ಎದ್ದಿತ್ತು. ಜಾಕಿ, ಹಲಗೆಗಳ ಆ ಸೆಂಟ್ರಿಂಗ್ ಬಿಚ್ಚದೆ ಗೋಡೆ ಎಲ್ಲಿಂದ ಬರಬೇಕು? ನಾನು ಮಾಡಿದ್ದು ಕಟ್ಟುತ್ತಿರುವ ಕಟ್ಟಡ ಅಲ್ಲ, ಮುಗಿದ ಕಟ್ಟಡವನ್ನು ಅರ್ಧ ಕಿತ್ತುಹಾಕಿದ ಹಾಗಿತ್ತು.

ಆವತ್ತು ಎಂಜಿನಿಯರ್ ಜೊತೆ ಕೂತು ಒಂದು ಹಾಳೆಯಲ್ಲಿ ಸ್ಲ್ಯಾಬ್ ಹಾಕುವ ದಿನಗಳನ್ನು ಬರೆದುಕೊಂಡೆ. ತಳಪಾಯ ಶುರುವಾದ ದಿನದಿಂದ ಎಣಿಸಿದರೆ ಮೊದಲ ಸ್ಲ್ಯಾಬ್ 40ನೇ ದಿನ, ಆಮೇಲೆ 16 ದಿನಕ್ಕೊಂದು: 56, 72, 88, 104. ಸೆಂಟ್ರಿಂಗ್ ಯಾವಾಗ ಬಿಚ್ಚಬಹುದು ಎನ್ನುವುದಕ್ಕೆ ಐಎಸ್ 456 ಎಂಬ ಭಾರತೀಯ ಮಾನಕ ಇದೆ. ಮಾಮೂಲಿ ಸಿಮೆಂಟಿಗೆ, ನಮ್ಮ ಕಡೆಯ ಬಿಸಿಲಿಗೆ, ಕಂಬದ ಹಲಗೆಗಳನ್ನು ಒಂದು ದಿನದಲ್ಲಿ ಬಿಚ್ಚಬಹುದು. ನಾಲ್ಕೂವರೆ ಮೀಟರ್ ತನಕದ ಸ್ಲ್ಯಾಬಿನ ಜಾಕಿಗಳು 7 ದಿನ ನಿಲ್ಲಬೇಕು, ಅದಕ್ಕಿಂತ ಉದ್ದದ್ದಾದರೆ 14 ದಿನ. ಆರು ಮೀಟರ್ ತನಕದ ತೊಲೆಗಳಿಗೂ 14 ದಿನ. ಇಷ್ಟು ಗೊತ್ತಾದರೆ ಯಾವ ದಿನದ ಚಿತ್ರದಲ್ಲಿ ಯಾವ ಮಹಡಿ ಹೇಗಿರಬೇಕು ಎಂದು ಕೂತಲ್ಲೇ ಲೆಕ್ಕ ಹಾಕಬಹುದು.

ನಾನು ಮೊದಲು ಹಿಡಿದದ್ದು 96ನೇ ದಿನ. ನಾಲ್ಕನೇ ಸ್ಲ್ಯಾಬ್ ಬಿದ್ದು ಎಂಟು ದಿನ ಆಗಿದೆ. ಅಂದರೆ ಅದರ ಕೆಳಗಿನ ಮೂರನೇ ಮಹಡಿ ತುಂಬಾ ಜಾಕಿಗಳ ಕಾಡು. ಎರಡನೇ ಮಹಡಿಯ ಮೇಲಿನ ಸ್ಲ್ಯಾಬಿಗೆ 24 ದಿನ. ಲೆಕ್ಕಕ್ಕೆ ಅಲ್ಲಿ ಎಲ್ಲ ಬಿಚ್ಚಬಹುದು, ಆದರೆ ಮೇಲಿನ ಮಹಡಿಯ ಭಾರ ಅದರ ಮೇಲೇ ನಿಂತಿರುವುದರಿಂದ ತೊಲೆಗಳ ಕೆಳಗೆ ಅಲ್ಲಲ್ಲಿ ಜಾಕಿ ಉಳಿಸಿರುತ್ತಾರೆ. ಒಂದನೇ ಮಹಡಿ ಖಾಲಿಯಾಗಿ ಗೋಡೆ ಅರ್ಧಕ್ಕೆ ಬಂದಿದೆ. ನೆಲ ಅಂತಸ್ತಿನಲ್ಲಿ ಗೋಡೆ ಮುಗಿದಿದೆ. ನೆತ್ತಿಯಲ್ಲಿ ನಾಲ್ಕನೇ ಮಹಡಿಯ ಕಂಬಗಳು: ಕೆಲವು ಬರೀ ಕಂಬಿ, ಕೆಲವಕ್ಕೆ ಹಲಗೆ ಕಟ್ಟಿದೆ, ಕೆಲವು ಹಲಗೆ ಬಿಚ್ಚಿ ಗೋಣಿ ಸುತ್ತಿಸಿಕೊಂಡು ನಿಂತಿವೆ. ಒಂದೇ ಚಿತ್ರದಲ್ಲಿ ಐದು ಹಂತ. ಇದು ಕಂಡ ಮೇಲೆ ಕೆಲಸದ ದಾರಿಯೇ ಬದಲಾಯಿತು.

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಹೊಸ ಫೈಲ್ ತೆರೆದೆ. ಸೈಟಿನಲ್ಲಿ ಕಟ್ಟುವ ಕ್ರಮದಲ್ಲೇ ತುಂಡು ತುಂಡಾಗಿ ಮಾಡೆಲ್ ಮಾಡಿದೆ. ಕಂಬ ಬೇರೆ, ಅದರ ಕಂಬಿ ಬೇರೆ, ಹಲಗೆ ಬೇರೆ, ಗೋಣಿ ಬೇರೆ, ಮಹಡಿಯ ಜಾಕಿಗಳು ಬೇರೆ. ಪ್ರತಿಯೊಂದಕ್ಕೂ ಎರಡು ಕಸ್ಟಮ್ ಪ್ರಾಪರ್ಟಿ ಕೊಟ್ಟೆ: ಬರುವ ದಿನ, ಹೋಗುವ ದಿನ. ಕಂಬ ಬಂದ ಮೇಲೆ ಹೋಗುವುದಿಲ್ಲ, ಅದಕ್ಕೆ ಎರಡನೆಯದು ಬೇಡ. ಜಾಕಿ, ಹಲಗೆ, ಗೋಣಿ, ಸಾರ್ವೆ ಇವಕ್ಕೆ ಬೇಕೇ ಬೇಕು. ನನ್ನ ಮೊದಲ ಚಿತ್ರದಲ್ಲಿ ತಪ್ಪಿಹೋಗಿದ್ದು ಹೀಗೆ ಬಂದು ಹೋಗುವ ಸಾಮಾನೇ. ಆಮೇಲೆ ಈ ಚಿಕ್ಕ ಸ್ಕ್ರಿಪ್ಟ್ ಸಾಕು:

```python
import bpy
day = 96
for ob in bpy.data.objects:
    s = ob.get("start_day")
    if s is None:
        continue
    e = ob.get("end_day", 9999)
    ob.hide_render = not (s <= day < e)
    ob.hide_viewport = ob.hide_render
```

`day` ಬದಲಿಸಿ ಓಡಿಸಿದರೆ ಕಟ್ಟಡ ಆ ದಿನಕ್ಕೆ ಬಂದು ನಿಲ್ಲುತ್ತದೆ.

ಇನ್ನು ಇಟ್ಟಿಗೆ. ಮಹಡಿಯ ಎತ್ತರ 3 ಮೀಟರ್, ತೊಲೆ 450 ಮಿಲಿಮೀಟರ್, ಹಾಗಾಗಿ ಗೋಡೆಗೆ ಸಿಗುವುದು 2550. ಇಟ್ಟಿಗೆಯ ದಪ್ಪ 75, ಗಾರೆ 10, ಒಂದು ವರಸೆಗೆ 85. ಸರಿಯಾಗಿ 30 ವರಸೆ. ಗೋಡೆ ಪೂರ್ತಿ ಆಗಿದ್ದರೆ ಟೆಕ್ಸ್ಚರ್ ಹಾಕಿದ ಒಂದು ಹಲಗೆ ಸಾಕು, ದೂರದಿಂದ ಯಾರಿಗೂ ಗೊತ್ತಾಗಲ್ಲ. ಅರ್ಧ ಕಟ್ಟಿದ ಗೋಡೆಗೆ ಈ ಉಪಾಯ ನಡೆಯುವುದಿಲ್ಲ. ಮೇಲಂಚು ಚಾಕುವಿನಲ್ಲಿ ಕೊಯ್ದ ಕೇಕಿನ ಹಾಗೆ ಕಾಣುತ್ತದೆ. ಕಟ್ಟುತ್ತಿರುವ ಗೋಡೆಯ ತುದಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುತ್ತದೆ, ಮೇಲೊಂದೆರಡು ಇಟ್ಟಿಗೆ ಸುಮ್ನೆ ಇಟ್ಟಿರುತ್ತಾರೆ. ಅದಕ್ಕೆ ಒಂದನೇ ಮಹಡಿಯ ಗೋಡೆಗಳಿಗೆ ಮಾತ್ರ ನಿಜವಾದ ಇಟ್ಟಿಗೆಗಳನ್ನೇ ಜೋಡಿಸಿದೆ. ಮೊದಲು ಎಲ್ಲವನ್ನೂ ಒಂದೇ ಮೆಶ್ ಮಾಡಲು ಹೋಗಿ ಲ್ಯಾಪ್‌ಟಾಪ್ ಉಸಿರು ಕಟ್ಟಿ ಕೂತಿತು. ಆಮೇಲೆ ಒಂದೇ ಇಟ್ಟಿಗೆಯನ್ನು ಇನ್‌ಸ್ಟೆನ್ಸ್ ಮಾಡಿ ಹರಡಿದೆ. ಹಿಂದೆ 5 ಮಿಲಿಮೀಟರ್ ಒಳಗೆ ಗಾರೆಯ ಬಣ್ಣದ ಒಂದು ಪೆಟ್ಟಿಗೆ. ಪ್ರತಿ ಇಟ್ಟಿಗೆಗೂ `Object Info` ನೋಡ್‌ನ `Random` ಕೊಟ್ಟು ಬಣ್ಣ ಸ್ವಲ್ಪ ಆಚೀಚೆ ಮಾಡಿದೆ.

ಗೋಡೆಯಲ್ಲಿ ನನಗೆ ಹೊಳೆಯದೇ ಇದ್ದದ್ದು ನೀರು. ಸೈಟಿನಲ್ಲಿ ಹತ್ತಿರ ಹೋಗಿ ನೋಡಿದಾಗ ಕಂಡಿತು. ಒಂದು ದಿನಕ್ಕೆ ಗೋಡೆಯನ್ನು ಸುಮಾರು ನಾಲ್ಕು ಅಡಿಗಿಂತ ಜಾಸ್ತಿ ಏರಿಸುವುದಿಲ್ಲ, ಅಂದರೆ ಹದಿನಾಲ್ಕು ವರಸೆ. ಇಟ್ಟಿಗೆಯನ್ನು ನೀರಲ್ಲಿ ನೆನೆಸಿಯೇ ಇಡುತ್ತಾರೆ. ಹಾಗಾಗಿ ಇವತ್ತಿನ ವರಸೆಗಳು ಕಪ್ಪು ಕೆಂಪು, ಗಾರೆಯೂ ಕಡು ಬೂದಿ. ಕೆಳಗಿನ ಮೊನ್ನೆಯ ಗೋಡೆ ಒಣಗಿ ಬಿಳಿಚಿದೆ. ನಡುವೆ ಒಂದು ಗೆರೆ. ಶೇಡರ್‌ನಲ್ಲಿ ಎತ್ತರ ನೋಡಿ ಹದಿನಾಲ್ಕನೇ ವರಸೆಯಿಂದ ಮೇಲೆ ಬಣ್ಣ ಗಾಢ ಮಾಡಿ, ಹೊಳಪು ಸ್ವಲ್ಪ ಏರಿಸಿದೆ. ಗೋಡೆಗೆ ಜೀವ ಬಂತು. ನೆಲ ಅಂತಸ್ತಿನ ಮುಗಿದ ಗೋಡೆಯಲ್ಲೂ ಒಂದು ಕೆಲಸ ಉಳಿದಿತ್ತು. ತೊಲೆಯ ಕೆಳಗಿನ ಕೊನೇ ಸಂದನ್ನು ತಕ್ಷಣ ಮುಚ್ಚುವುದಿಲ್ಲ, ಗೋಡೆ ಕುಳಿತ ಮೇಲೆ ತುಂಬುತ್ತಾರೆ. ಕೆಲವು ಗೋಡೆಗಳಲ್ಲಿ ಆ ಸಂದನ್ನು ಕಪ್ಪು ಗೆರೆಯಾಗಿ ಹಾಗೇ ಬಿಟ್ಟೆ.

ಕಾಂಕ್ರೀಟಿಗೂ ವಯಸ್ಸಿದೆ. ನನ್ನ ಮೊದಲ ಚಿತ್ರದಲ್ಲಿ ಎಲ್ಲ ಕಂಬಕ್ಕೂ ಒಂದೇ ಬೂದು ಬಣ್ಣ ಬಳಿದಿದ್ದೆ. ನಿಜವಾಗಿ ಹೊಸ ಕಾಂಕ್ರೀಟ್ ಹಸಿಯಾಗಿ ಕಪ್ಪಗಿರುತ್ತದೆ, ಹಳೆಯದು ಬೆಳ್ಳಗಾಗುತ್ತದೆ. ಸ್ಲ್ಯಾಬಿನ ದಿನಾಂಕ ಕೈಯಲ್ಲೇ ಇತ್ತಲ್ಲ, ಬಣ್ಣವನ್ನೂ ಅದಕ್ಕೇ ಕಟ್ಟಿದೆ. ಕಂಬದ ಬುಡದಲ್ಲಿ, ಕಂಬಕ್ಕಿಂತ ಮೊದಲು ಹಾಕುವ ನಾಲ್ಕು ಇಂಚಿನ ಸ್ಟಾರ್ಟರ್‌ನ ಗೆರೆ, ತೊಲೆಯ ಕೆಳಗೆ ಇನ್ನೊಂದು ಗೆರೆ. ಹೊಸ ಸ್ಲ್ಯಾಬಿನ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿರುತ್ತಾರೆ. ಆ ನೀರು ಅಂಚಿನಿಂದ ಸೋರಿ ಕೆಳಗೆ ಕಪ್ಪು ಪಟ್ಟೆ ಎಳೆದಿರುತ್ತದೆ. ನಾಲ್ಕನೇ ಸ್ಲ್ಯಾಬಿಗೆ ಆ ಪಟ್ಟೆಗಳನ್ನು ಕೈಯಲ್ಲೇ ಬಳಿದೆ.

ಸಾರ್ವೆಯಲ್ಲಿ ನಾನು ಮಾಡಿದ ತಪ್ಪು, ಅದನ್ನು ನಾಲ್ಕೂ ಕಡೆ ನೆತ್ತಿಯ ತನಕ ಹಾಕಿದ್ದು. ಎಂಜಿನಿಯರ್ ಕೇಳಿದರು, "ಹಿಂದ್ಗಡೆ ಯಾಕ್ ಸರ್? ಗೋಡೆ ಒಳಗಿಂದಾನೆ ಕಟ್ತೀವಲ್ಲ." ಆ ಸೈಟಿನಲ್ಲಿ ರಸ್ತೆಯ ಕಡೆಗೆ ಮಾತ್ರ ಸಾರ್ವೆ ಇತ್ತು, ಅದೂ ಎರಡನೇ ಮಹಡಿಯ ತನಕ. ಉಳಿದ ಕಡೆ ಹೊರಗಿನ ಪ್ಲಾಸ್ಟರಿಂಗ್ ಶುರುವಾಗುವಾಗ ಬರುತ್ತದೆ. ತೆಗೆದುಹಾಕಿದೆ, ಕೆಲಸವೂ ಕಡಿಮೆಯಾಯಿತು.

ಪೈಪ್ ಮಾಡುವುದು ಕಷ್ಟವಲ್ಲ. ಬರೀ ಅಂಚುಗಳ ಒಂದು ಜಾಲ ಎಳೆದು, ಜಿಯೋಮೆಟ್ರಿ ನೋಡ್ಸ್‌ನಲ್ಲಿ `Mesh to Curve`, ಆಮೇಲೆ `Curve to Mesh`, ಜೊತೆಗೆ 0.024 ಮೀಟರ್ ತ್ರಿಜ್ಯದ ಒಂದು `Curve Circle`. ಸಾರ್ವೆಯ ಪೈಪಿನ ಹೊರವ್ಯಾಸ 48 ಮಿಲಿಮೀಟರ್ ಚಿಲ್ಲರೆ, ಅದಕ್ಕೆ ಈ ಸಂಖ್ಯೆ. ಆದರೆ ಹೀಗೆ ಬಂದ ಸಾರ್ವೆ ಪಂಜರದ ಹಾಗೆ ತುಂಬಾ ಶಿಸ್ತಾಗಿರುತ್ತದೆ. ಸೈಟಿನಲ್ಲಿ ಅಡ್ಡ ಪೈಪುಗಳು ಕ್ಲ್ಯಾಂಪ್ ದಾಟಿ ಒಂದು ಕಡೆ ಅರ್ಧ ಅಡಿ, ಇನ್ನೊಂದು ಕಡೆ ಒಂದಡಿ ಚಾಚಿರುತ್ತವೆ. ನೆಟ್ಟ ಪೈಪುಗಳ ತಲೆ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಪೈಪಿನ ಬುಡದಲ್ಲಿ ತಗಡು, ತಗಡಿನ ಕೆಳಗೆ ಹಲಗೆ ತುಂಡು ಇರುತ್ತದೆ. ಅದಿಲ್ಲದಿದ್ದರೆ ಇಡೀ ಸಾರ್ವೆ ನೆಲಕ್ಕೆ ತಾಗದೆ ತೇಲಿದ ಹಾಗೆ ಕಾಣುತ್ತದೆ. ನಿಲ್ಲುವ ಹಲಗೆಗಳು ಎಲ್ಲ ಹಂತದಲ್ಲೂ ಇರುವುದಿಲ್ಲ. ಕೆಲಸ ನಡೆಯುವ ಒಂದೆರಡು ಹಂತದಲ್ಲಿ ಮಾತ್ರ, ಕೆಲಸ ಮೇಲೆ ಹೋದ ಹಾಗೆ ಅವೂ ಮೇಲೆ ಹೋಗುತ್ತವೆ. ನಾನು ಎಲ್ಲ ಕಡೆ ಹಾಸಿದ್ದೆ.

ಕೊನೆಯ ತೊಂದರೆ ರೆಂಡರ್‌ನಲ್ಲೇ ಬಂತು. ಚಿತ್ರದ ಅಗಲ 3840 ಪಿಕ್ಸೆಲ್, ಅದರಲ್ಲಿ ಕಾಣುವ ಜಾಗ ಸುಮಾರು 40 ಮೀಟರ್. ಒಂದು ಮೀಟರಿಗೆ 96 ಪಿಕ್ಸೆಲ್. ಸಾರ್ವೆ ಪೈಪಿಗೆ ನಾಲ್ಕೂವರೆ ಪಿಕ್ಸೆಲ್ ಸಿಗುತ್ತದೆ, ತೊಂದರೆ ಇಲ್ಲ. ಕಂಬದ 16 ಮಿಲಿಮೀಟರ್ ಕಂಬಿಗೆ ಸಿಗುವುದು ಒಂದೂವರೆ. ರೆಂಡರ್‌ನ ಚುಕ್ಕೆ ಚುಕ್ಕೆ ಕೊಳೆ ಒರೆಸುವ ಡಿನಾಯ್ಸರ್ ಅದನ್ನೂ ಕೊಳೆ ಅಂದುಕೊಂಡು ಒರೆಸಿಬಿಟ್ಟಿತು. ನೆತ್ತಿಯ ಕಂಬಿಗಳು ಆಕಾಶದಲ್ಲಿ ತುಂಡು ತುಂಡಾಗಿ ಕಂಡವು. ಸ್ಯಾಂಪಲ್ ಏರಿಸಿದೆ, ಕಂಬಿಯನ್ನು 22 ಮಿಲಿಮೀಟರ್‌ಗೆ ದಪ್ಪ ಮಾಡಿದೆ. ಇದು ಸುಳ್ಳು ಅಳತೆ, ಗೊತ್ತು. ಆದರೆ ಯಾರೂ ಈ ಚಿತ್ರ ನೋಡಿ ಕಂಬಿ ಕಟ್ಟುವುದಿಲ್ಲ.

ಅಳತೆಯ ಈ ಸುಳ್ಳಿಗೆ ಒಪ್ಪಿದ ನಾನು ಇನ್ನೊಂದಕ್ಕೆ ಒಪ್ಪಲಿಲ್ಲ. ಬಿಲ್ಡರ್ ಆಫೀಸಿನಿಂದ ಫೋನ್ ಬಂತು, "96ನೇ ದಿನದ ಚಿತ್ರದಲ್ಲಿ ಒಂದು ಅಂತಸ್ತು ಜಾಸ್ತಿ ತೋರ್ಸಿ ಸರ್, ಚೆನ್ನಾಗಿರುತ್ತೆ." ದಿನಾಂಕವನ್ನೂ ಬದಲಿಸಿದರೆ ಮಾಡುತ್ತೇನೆ ಅಂದೆ. ಪ್ರತಿ ಚಿತ್ರದ ಕೆಳಗೆ "ಇದು ಕಂಪ್ಯೂಟರ್ ಚಿತ್ರ, ಫೋಟೋ ಅಲ್ಲ" ಎಂದು ಬರೆದು, ಯಾವ ದಿನದ ಅಂದಾಜು ಎಂದೂ ಹಾಕಿದೆ.

96ನೇ ದಿನ ಬಂದಾಗ ಸೈಟಿಗೆ ಹೋಗಿ ಅದೇ ಕೋನದಿಂದ ಫೋಟೋ ತೆಗೆದೆ. ನಡುವೆ ಒಂದು ವಾರ ಮಳೆ ಹಿಡಿದಿತ್ತು, ಕೆಲಸ ಹಿಂದೆ ಬಿದ್ದಿತ್ತು. ನಾಲ್ಕನೇ ಸ್ಲ್ಯಾಬ್ ಹಿಂದಿನ ದಿನವಷ್ಟೇ ಬಿದ್ದಿತ್ತು. ಅಲ್ಲೇ ಕೂತು `day` ಅನ್ನು 89 ಮಾಡಿ ಓಡಿಸಿದೆ. ನೆತ್ತಿಯ ಕಂಬಗಳಿಗೆ ಕಟ್ಟಿದ್ದ ಹಲಗೆ, ಗೋಣಿ ಎಲ್ಲ ಮಾಯವಾಗಿ ಬರೀ ಕಂಬಿ ಉಳಿಯಿತು. ಮೇಸ್ತ್ರಿ ಬಗ್ಗಿ ಸ್ಕ್ರೀನ್ ನೋಡಿದರು, ತಲೆ ಎತ್ತಿ ಕಟ್ಟಡ ನೋಡಿದರು. "ಈಗ ಸರಿ ಸಾರ್," ಅಂದರು. ಆಮೇಲೆ, "ನೀರಿನ ಡ್ರಮ್ಮು ಎಲ್ಲಿ?"