ಫೋನಲ್ಲಿ ಮಾತಾಡಿದ ಹತ್ತು ನಿಮಿಷಕ್ಕೆ ಒಂದು ಈಮೇಲ್: ಕೇಟರಿಂಗ್‌ನಲ್ಲಿ ನನ್ನ ಅನುಭವ

ನಮ್ ಲೈನಲ್ಲಿರೋರಿಗೆ ಇದು ಹೊಸದಲ್ಲ, ಊಟ ಮುಗಿದು ಎಲೆ ಎತ್ತೋ ಹೊತ್ತಿಗೆ ಶುರುವಾಗೋ ಜಗಳ. ಫೋನಲ್ಲಿ ಹಂಗಂದ್ರಿ, ಇಲ್ಲ ನಾನು ಹಿಂಗಂದೆ. ನನಗೆ ಇದ್ರಲ್ಲಿ ದೊಡ್ಡ ಪೆಟ್ಟು ಬಿದ್ದಿದ್ದು ಒಂದು ಮದುವೇಲಿ. ಎಲೆಗೆ 320 ಅಂತ ಮಾತಾಗಿತ್ತು, ಅವರು ಮಧ್ಯೆ "ತಿಂಡಿ ಎಲ್ಲಾ ನೀವೇ ನೋಡ್ಕೋತೀರಲ್ಲ" ಅಂದ್ರು, ನಾನು "ಹೂಂ ಎಲ್ಲಾ ನಾವೇ" ಅಂದೆ. ನಾನು ಹೇಳಿದ್ದು ಮಾಡಿಕೊಡೋದ್ರ ಬಗ್ಗೆ, ಅವರು ತಿಳ್ಕೊಂಡಿದ್ದು ಅದೇ ರೇಟಲ್ಲಿ ತಿಂಡೀನೂ ಸೇರಿದೆ ಅಂತ. ಸುಮಾರು 350 ಜನದ ತಿಂಡಿ, ತಲೆಗೆ 70ರ ಲೆಕ್ಕದಲ್ಲಿ 24,500 ರೂಪಾಯಿ ಹೋಯ್ತು. ಅವರು ಸುಳ್ಳು ಹೇಳಿದ್ರು ಅಂತ ನಾನು ಇವತ್ತಿಗೂ ಅನ್ನಲ್ಲ, ಇಬ್ಬರೂ ಕೇಳಿಸ್ಕೊಂಡಿದ್ದು ನಿಜಾನೇ.

ಅವತ್ತೇ ಫೋನಲ್ಲಿ ಆದ ಮಾತನ್ನ ಬರೆದು ಪಾರ್ಟಿಗೆ ಈಮೇಲ್ ಕಳಿಸೋಕೆ ಶುರು ಮಾಡಿದ್ದು. ನಮ್ಮಣ್ಣ, ಬಡಿಸೋ ಹುಡುಗರ ಮೇಸ್ತ್ರಿ, ದಿನಸಿ ಅಂಗಡಿಯವರು ಎಲ್ಲಾ ಒಂದೇ ಮಾತು, ಅಡುಗೆಯವನಿಗೆ ಈಮೇಲ್ ಯಾಕೆ, ಪಾರ್ಟಿ ಓಡಿಹೋಗ್ತಾರೆ ಅಷ್ಟೆ ಅಂತ.

ಮೊದಲು ನಾನೂ ಕೆಟ್ಟದಾಗೇ ಮಾಡ್ದೆ, ಹೇಳಿಬಿಡ್ತೀನಿ. ಎರಡು ಪುಟದ ಕಂಡೀಷನ್‌ಗಳನ್ನ ಪಿಡಿಎಫ್ ಮಾಡಿ ಹಾಕಿದೆ, ಯಾರೂ ತೆಗೆದೇ ನೋಡ್ಲಿಲ್ಲ. ಒಬ್ಬ ಹುಡುಗಿ ತಂದೆಯಂತೂ "ಏನ್ರಿ ಇದು ಕೋರ್ಟ್ ನೋಟೀಸ್ ಥರ" ಅಂತ ಬೇಜಾರ್ ಮಾಡ್ಕೊಂಡು ಬೇರೆಯವರಿಗೆ ಕೊಟ್ರು, ಒಂದು ಲಕ್ಷದ ಮೇಲಿನ ಕೆಲಸ ಹೋಯ್ತು. ಆಮೇಲೆ ತೀರಾ ಚಿಕ್ಕದು ಮಾಡ್ದೆ, "ಫೋನಲ್ಲಿ ಮಾತಾಡಿದ ಪ್ರಕಾರ ಎಲ್ಲಾ ಮಾಡಿಕೊಡ್ತೀವಿ" ಅಂತ. ಅದು ಇನ್ನೂ ದಂಡ, ಏನು ಮಾತಾಡಿದ್ವಿ ಅನ್ನೋದೇ ಅದ್ರಲ್ಲಿಲ್ಲ.

ವಾಟ್ಸಾಪಲ್ಲಿ ಸಾಕಲ್ವಾ ಅಂತೀರಿ. ಒಂದು ಸೀಸನ್ ಪೂರ್ತಿ ವಾಟ್ಸಾಪಲ್ಲೇ ಮಾಡಿ ನೋಡಿದೀನಿ. ಮುಹೂರ್ತದ ಇನ್ವಿಟೇಶನ್, ಗುಡ್ ಮಾರ್ನಿಂಗ್, ಮೆನು ಫೋಟೋ, ವಾಯ್ಸ್ ಮೆಸೇಜ್ ಎಲ್ಲದ್ರ ಕೆಳಗೆ ನಮ್ ಮಾತು ಹೂತು ಹೋಗುತ್ತೆ, ಕಳಿಸಿದವರೇ ಅಳಿಸಿಬಿಡಬಹುದು ಬೇರೆ. ಕಾಲ್ ರೆಕಾರ್ಡಿಂಗೂ ಟ್ರೈ ಮಾಡ್ದೆ, ರೆಕಾರ್ಡ್ ಆಗ್ತಿದೆ ಅಂತ ಫೋನೇ ಜೋರಾಗಿ ಕೂಗಿಬಿಡುತ್ತೆ, ಆ ಕಡೆಯವರು ಗಪ್ಪಂತ ಸುಮ್ಮನಾಗ್ತಾರೆ. ಈಮೇಲ್ ಹಂಗಲ್ಲ, ಒಂದ್ಸಲ ಅವರ ಇನ್‌ಬಾಕ್ಸಿಗೆ ಹೋದ್ಮೇಲೆ ನನ್ನ ಕೈಲೂ ತಿದ್ದೋಕಾಗಲ್ಲ. ಅದಕ್ಕೇ ಅವರೂ ನಂಬ್ತಾರೆ.

ಈಗ ಸರಿ ಬಂದಿರೋ ಅಳತೆ ಹೇಳ್ತೀನಿ. ಫೋನ್ ಇಟ್ಟ ಹತ್ತು ನಿಮಿಷದೊಳಗೆ ಕಳಿಸ್ತೀನಿ, ಮಾರನೇ ದಿನಕ್ಕೆ ಬಿಟ್ರೆ ನನಗೇ ಮರೆತಿರುತ್ತೆ. ಫೋನ್ ಪರದೇಲಿ ಜಾಸ್ತಿ ಉಜ್ಜದೆ ಓದಿ ಮುಗೀಬೇಕು. 2025ರ ಮೇ ತಿಂಗಳ ಮದುವೆಗೆ ಕಳಿಸಿದ್ದು, ಹೆಸರು ತೆಗೆದು ಹಾಕ್ತಿದೀನಿ:

ವಿಷಯ: ಮೇ 10 ಶನಿವಾರ, ಮೇ 11 ಭಾನುವಾರ ಮದುವೆ ಊಟ, ಫೋನಲ್ಲಿ ಆದ ಮಾತು

ನಮಸ್ಕಾರ ಸರ್. ಈಗ ಫೋನಲ್ಲಿ ಮಾತಾಡಿದ್ದು ಹೀಗೆ ಅಂತ ಬರ್ಕೊಂಡಿದೀನಿ.
ಶನಿವಾರ ರಾತ್ರಿ ಆರತಕ್ಷತೆ 400 ಎಲೆ, ಎಲೆಗೆ 310. ಭಾನುವಾರ ಬೆಳಿಗ್ಗೆ ತಿಂಡಿ 300 ಜನ, ಒಬ್ಬರಿಗೆ 90, ಇದು ಊಟದ ರೇಟಲ್ಲಿ ಸೇರಿಲ್ಲ. ಮುಹೂರ್ತದ ಊಟ 600 ಎಲೆ, ಎಲೆಗೆ 340. ಒಟ್ಟು 3,55,000.
ಇಷ್ಟು ಜನಕ್ಕಿಂತ ಕಮ್ಮಿ ಬಂದ್ರೂ ಇದೇ ದುಡ್ಡು. ಮುಹೂರ್ತದ ಊಟಕ್ಕೆ ಇನ್ನೂ 50 ಎಲೆವರೆಗೆ ಜಾಸ್ತಿ ಬಡಿಸ್ತೀವಿ, ಅದಕ್ಕೂ ಎಲೆಗೆ 340. ಜಾಸ್ತಿ ಆದದ್ದರ ಲೆಕ್ಕ ಬಡಿಸಿದ ಎಲೆ ಮೇಲೆ.
ದಿನಸಿ, ತರಕಾರಿ, ಗ್ಯಾಸ್, ಬಡಿಸೋರು ನಮ್ಮದು. ಛತ್ರದ ಪಾತ್ರೆ ಬಾಡಿಗೆ, ಕ್ಲೀನಿಂಗ್, ನೀರಿನ ಟ್ಯಾಂಕರ್ ನಿಮ್ಮದು.
ಸಿಹಿ ಹೋಳಿಗೇನಾ ಚಿರೋಟೀನಾ ಅಂತ ನೀವು ಹೇಳ್ಬೇಕು. ಇದ್ರಲ್ಲಿ ಏನಾದ್ರೂ ತಪ್ಪಿದ್ರೆ ಅದನ್ನೂ ಬರೀರಿ. ನಿಮ್ಮ ಉತ್ತರ ಬಂದ್ಮೇಲೆ 1,00,000 ಅಡ್ವಾನ್ಸ್.

ಇಷ್ಟೇ. ಇದ್ರ ಕೆಳಗೆ ಒಂದು ಸಾಲು ಹಾಕ್ತೀನಿ, ಅದನ್ನ ಮಾತ್ರ ಇಲ್ಲಿ ಬಿಟ್ಟಿದೀನಿ, ಕಾಂಪಿಟಿಷನ್ ಇರೋ ಊರು ನಮ್ದು.

ತಾರೀಖಿನ ಪಕ್ಕ ವಾರ ಯಾಕೆ ಅಂದ್ರೆ, ಫೋನಲ್ಲಿ ತರ್ಟೀನ್ ಅಂದಿದ್ದು ತರ್ಟಿ ಅಂತ ಕೇಳಿ ಒಂದು ನಾಮಕರಣ ಮಿಸ್ ಆಗೋದ್ರಲ್ಲಿತ್ತು. 13 ಯಾವ ವಾರ, 30 ಯಾವ ವಾರ ಅಂತ ಬರೆದಿದ್ರೆ ಓದಿದವರಿಗೇ ತಪ್ಪು ಕಣ್ಣಿಗೆ ಬೀಳುತ್ತೆ. "ಮುಂದಿನ ಭಾನುವಾರ" ಅಂತ ಮಾತ್ರ ಯಾವತ್ತೂ ಬರೀಬೇಡಿ, ಒಬ್ಬರಿಗೆ ಅದು ಈ ವಾರದ್ದು, ಇನ್ನೊಬ್ಬರಿಗೆ ಅದರ ಆಚೆದು.

ಇನ್ನು ಆ ಹೋಳಿಗೆ ಚಿರೋಟಿ ಪ್ರಶ್ನೆ. ಸುಮ್ಮನೆ "ಕನ್ಫರ್ಮ್ ಮಾಡಿ" ಅಂತ ಹಾಕಿದ್ರೆ ಹತ್ತರಲ್ಲಿ ಆರು ಜನ ಉತ್ತರಾನೇ ಕೊಡ್ತಿರಲಿಲ್ಲ. ಸುಮ್ಮನಿದ್ರೆ ಒಪ್ಪಿದ್ರು ಅಂತ ಲೆಕ್ಕ ಅಲ್ಲ, ಜಗಳ ಬಂದಾಗ ಅದು ನಿಲ್ಲಲ್ಲ. ಆದ್ರೆ ಸಿಹಿ ಯಾವುದು ಅಂತ ಕೇಳಿದ್ರೆ ಮನೆಮಂದಿ ಎಲ್ಲಾ ಕೂತು ಚರ್ಚೆ ಮಾಡಿ ಬರೆದೇ ಬರೀತಾರೆ, ಆವಾಗ ಮೇಲಿರೋದನ್ನೂ ಓದಿರ್ತಾರೆ. ಮೊದಲು ಪ್ರಶ್ನೇನ ಮೇಲ್ಗಡೆ ಹಾಕ್ತಿದ್ದೆ, ಅಷ್ಟಕ್ಕೇ ಉತ್ತರ ಕೊಟ್ಟು ಮಿಕ್ಕಿದ್ದು ಓದ್ತಿರಲಿಲ್ಲ, ಕೊನೆಗೆ ಇಟ್ಮೇಲೆ ಸರಿಹೋಯ್ತು.

ಮೇ ಮದುವೇಲಿ ಏನಾಯ್ತು ಅಂದ್ರೆ, ಮುಹೂರ್ತದ ದಿನ 648 ಎಲೆ ಬಿತ್ತು. ನಾನು ಬಾಳೆ ಎಲೆ ಕಟ್ಟುಗಳನ್ನ ಬೆಳಿಗ್ಗೆ ಅವರ ಕಡೆಯವರ ಎದುರೇ ಎಣಿಸಿ, ಮಿಕ್ಕಿದ್ದನ್ನ ಮಧ್ಯಾಹ್ನ ಮತ್ತೆ ಎದುರೇ ಎಣಿಸ್ತೀನಿ, ಹರಿದಿರೋದನ್ನ ಬೇರೆ ಇಡ್ತೀನಿ, ಹಾಗಾಗಿ ಎಣಿಕೇಲಿ ತಕರಾರಿಲ್ಲ. ತಕರಾರು ದುಡ್ಡಲ್ಲಿ. ಹುಡುಗನ ಸೋದರಮಾವ ಬಂದು "600 ಅಂದ್ರೆ ಒಂದು ಅಂದಾಜು ಸ್ವಾಮಿ, ನಲವತ್ತು ಐವತ್ತು ಹೆಚ್ಚು ಕಮ್ಮಿ ಅದ್ರಲ್ಲೇ ಬರುತ್ತೆ" ಅಂದ್ರು. ನಾನು ಒಂದು ಮಾತೂ ಆಡ್ಲಿಲ್ಲ, ಫೋನ್ ತೆಗೆದು "ಮೇ 11" ಅಂತ ಹುಡುಕಿ ಕೈಗೆ ಕೊಟ್ಟೆ. ಜೇಬಿಂದ ಕನ್ನಡಕ ತೆಗೆದು ಹಾಕ್ಕೊಂಡು, ಸ್ಟೋರ್ ರೂಮ್ ಬಾಗಿಲಲ್ಲೇ ನಿಂತು ಬೆರಳಿಟ್ಟು ಓದಿದ್ರು, ಕೆಳಗೆ ಹುಡುಗನ ತಂದೆದೇ ಉತ್ತರ ಇತ್ತು, "ಚಿರೋಟಿ ಇರಲಿ, ಮಿಕ್ಕಿದ್ದೆಲ್ಲಾ ಸರಿ." 48 ಎಲೆಗೆ 16,320. ಬಾಕಿ 2,55,000ದ ಜೊತೆ ಅದನ್ನೂ ಸೇರಿಸಿ ಅಲ್ಲೇ ಕೊಟ್ರು, ಮುಖ ಕೆಡಿಸ್ಕೊಳ್ದೆ. ಆವತ್ತಿಂದ ನಮ್ಮಣ್ಣ ಬುಕಿಂಗ್ ಬಂದ್ರೆ ಮೊದಲು ಮೇಲ್ ಐಡಿ ಕೇಳ್ತಾನೆ.

ಎಡವೋ ಜಾಗ ಎರಡಿದೆ. ಫೋನಲ್ಲಿ ಮಾತಾಡೋರು ಒಬ್ಬರು, ದುಡ್ಡು ಕೊಡೋರು ಇನ್ನೊಬ್ಬರು. ಒಂದ್ಸಲ ಹುಡುಗನ ತಮ್ಮನಿಗೆ ಕಳಿಸಿ ಅವನು "ಓಕೆ" ಅಂದ, ಅವರಪ್ಪ "ಅವನನ್ನ ಯಾಕೆ ಕೇಳಿದ್ರಿ" ಅಂದ್ರು. ಈಗ ಇಬ್ಬರಿಗೂ ಒಟ್ಟಿಗೆ ಹಾಕ್ತೀನಿ, ಹಿರಿಯರಿಗೆ ಮೇಲ್ ಇಲ್ದಿದ್ರೆ ಮಕ್ಕಳ ಮೇಲ್‌ಗೆ ಕಳಿಸಿ ಫೋನಲ್ಲಿ ಓದಿ ಹೇಳ್ತೀನಿ, ಓದಿ ಹೇಳಿದೀನಿ ಅಂತಾನೂ ಅದೇ ಮೇಲ್‌ಗೆ ಒಂದು ಸಾಲು ಸೇರಿಸಿ ಕಳಿಸ್ತೀನಿ.

ಇನ್ನೊಂದು, ಮಧ್ಯೆ ಆಗೋ ಬದಲಾವಣೆ. ಮದುವೆಗೆ ನಾಲ್ಕು ದಿನ ಇದ್ದಾಗ ಫೋನ್ ಮಾಡಿ "ಇನ್ನೊಂದು ಪಲ್ಯ ಹಾಕ್ಸಿ" ಅಂತಾರೆ. ಹೊಸ ಮೇಲ್ ಬರೆದ್ರೆ ಯಾವುದು ಹಳೇದು ಯಾವುದು ಹೊಸದು ಅಂತ ಗೊಂದಲ, ಅದಕ್ಕೆ ಹಳೇ ಮೇಲ್‌ಗೇ ರಿಪ್ಲೈ ಮಾಡಿ "ಬದಲಾವಣೆ: ಬೀನ್ಸ್ ಪಲ್ಯ ಸೇರಿದೆ, ಎಲೆಗೆ 12 ಜಾಸ್ತಿ, ಮಿಕ್ಕಿದ್ದು ಮೊದಲಿನ ಹಾಗೇ" ಅಂತ ಹಾಕ್ತೀನಿ. ಅದಕ್ಕೆ ಉತ್ತರ ಬರೋವರೆಗೂ ಬೀನ್ಸ್ ತರೋಕೆ ಮಾರ್ಕೆಟ್‌ಗೆ ಗಾಡಿ ಕಳಿಸಲ್ಲ.