ಟೈಟರ್ ಏರಿತಾ, ಇಲ್ವಾ? ಜೋಡಿ ಸೀರಮ್‌ನಲ್ಲಿ ವೈಡಲ್ ಮಾಡಿದ ನನ್ನ ಅನುಭವ

ವೈಡಲ್‌ಗೆ ಜೋಡಿ ಸೀರಮ್ ಶುರು ಮಾಡ್ತೀನಿ ಅಂದಾಗ ಲ್ಯಾಬಿನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ರೋಗಿ ಎರಡನೇ ಸಲ ರಕ್ತ ಕೊಡೋಕೆ ಬರಲ್ಲ, ಬಂದರೂ ಅಷ್ಟರಲ್ಲಿ ಜ್ವರ ಇಳಿದಿರುತ್ತೆ, ಆ್ಯಂಟಿಜೆನ್ ಸುಮ್ನೆ ಖರ್ಚು ಅಂದರು. ಈಗ ನಮ್ಮಲ್ಲಿ ಇದು ದಿನನಿತ್ಯದ ಕೆಲಸ. ರಿಪೋರ್ಟ್ ನೋಡಿ ಫೋನ್ ಮಾಡುವ ವೈದ್ಯರು ಮೊದಲು ಕೇಳುವ ಪ್ರಶ್ನೆಯೇ "ಹಿಂದಿನ ಸೀರಮ್ ಇಟ್ಟಿದ್ದೀರಾ?" ಅಂತ. ಅದಕ್ಕೇ ಇಷ್ಟು ಬರೆಯೋಣ ಅನ್ನಿಸಿತು. ಸ್ಲೈಡ್, ಟ್ಯೂಬ್, ಓ, ಎಚ್ ಎಲ್ಲ ನಿಮಗೆ ಗೊತ್ತಿರುವುದೇ. ನೇರ ವಿಷಯಕ್ಕೆ ಬರುತ್ತೇನೆ.

ನನಗೆ ಮೊದಲಿಂದಲೂ ಕಿರಿಕಿರಿ ಆಗುತ್ತಿದ್ದದ್ದು ಒಂದೇ ವಿಷಯ. ಮೂರು ದಿನದ ಜ್ವರದ ರೋಗಿ ಬರುತ್ತಾರೆ. ಸ್ಲೈಡ್‌ನಲ್ಲಿ ಓ 1:80, ಎಚ್ 1:160. ಕಿಟ್ ಜೊತೆ ಬಂದ ಹಾಳೆ ನೋಡಿ "ಪಾಸಿಟಿವ್" ಅಂತ ಬರೆಯುತ್ತಾರೆ. ಟೈಫಾಯ್ಡ್‌ನಲ್ಲಿ ಓ ಆ್ಯಂಟಿಬಾಡಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಮೊದಲ ವಾರದ ಕೊನೆಗೆ, ಎಚ್ ಅದರ ಹಿಂದೆ. ಹಾಗಿದ್ದರೆ ಮೂರನೇ ದಿನಕ್ಕೇ ಬಂದ ಈ ಅಂಕಿ ಎಲ್ಲಿಂದ ಬಂತು? ಬಹುತೇಕ ಹಳೆಯದು. ಹಿಂದೆ ಎಂದೋ ತಗುಲಿದ ಸೋಂಕು ಇರಬಹುದು, ಓ ಆ್ಯಂಟಿಜೆನ್ ಹಂಚಿಕೊಳ್ಳುವ ಬೇರೆ ಸಾಲ್ಮೊನೆಲ್ಲಾ ಇರಬಹುದು, ಹಳೆಯ ಹೋಲ್-ಸೆಲ್ ಲಸಿಕೆ ಇರಬಹುದು. ಎಚ್ ಅಂತೂ ವರ್ಷಗಟ್ಟಲೆ ಉಳಿಯುತ್ತೆ. ಬೇರೆ ಯಾವುದೋ ಜ್ವರ ಬಂದಾಗಲೂ ಹಳೆ ನೆನಪಿನಿಂದ ಮತ್ತೆ ಮೇಲೆ ಬರುವುದುಂಟು.

ಹಾಗಾಗಿ ಮೊದಲು ಮಾಡಿದ್ದು ಆರೋಗ್ಯವಂತರ ಟೈಟರ್ ನೋಡುವ ಕೆಲಸ. ಒಪ್ಪಿಕೊಂಡ, ಜ್ವರ ಇಲ್ಲದ ದೊಡ್ಡವರ ಸೀರಮ್ ಸೇರಿಸುತ್ತಾ ಹೋದೆ. ನೂರರ ಆಸುಪಾಸು ಆಗುವ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು. ಓ 1:40 ತುಂಬ ಜನರಲ್ಲಿ ಸಿಕ್ಕಿತು, 1:80 ಕೂಡ ಅಪರೂಪವಲ್ಲ. ಎಚ್ 1:160 ತನಕ ಏರಿದವರು ಬೇಕಾದಷ್ಟು ಇದ್ದರು. ಎಲ್ಲರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು. ಇದು ನಮ್ಮ ಲ್ಯಾಬಿನ, ನಮ್ಮ ಕಿಟ್‌ನ ಅಂಕಿ. ಇದನ್ನು ನೀವು ಹಾಗೇ ತೆಗೆದುಕೊಂಡರೆ ಉಪಯೋಗವಿಲ್ಲ. ಟೈಫಾಯ್ಡ್ ಜಾಸ್ತಿ ಇರುವ ಕಡೆ ಒಂದು ರೀತಿ ಬರುತ್ತೆ, ಇಲ್ಲದ ಕಡೆ ಇನ್ನೊಂದು ರೀತಿ. ನಿಮ್ಮ ಜನರಲ್ಲೇ ನೋಡಬೇಕು.

ಆಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಒಂದೇ ಸೀರಮ್ ತೆಗೆದುಕೊಂಡು ಬೇರೆ ಬೇರೆ ದಿನ, ಬೇರೆ ಬೇರೆ ಕೈಯಿಂದ ಟ್ಯೂಬ್ ಹಾಕಿಸಿದೆ. ಒಮ್ಮೆ 1:80, ಒಮ್ಮೆ 1:160, ಮತ್ತೆ 1:80. ಅದೇ ಸೀರಮ್ ಬೇರೆ ಕಂಪನಿಯ ಕಿಟ್‌ನಲ್ಲಿ ಎರಡು ಟ್ಯೂಬ್‌ವರೆಗೂ ಹೆಚ್ಚುಕಮ್ಮಿ ಆಯಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಕಿಟ್‌ನಲ್ಲಿ ಸೀರಮ್ ಡೈಲ್ಯೂಷನ್‌ಗೆ ಸಮಪ್ರಮಾಣ ಆ್ಯಂಟಿಜೆನ್ ಸೇರಿಸುತ್ತಾರೆ, ಕೊನೆಯ ಡೈಲ್ಯೂಷನ್ ಇಮ್ಮಡಿ ಆಗುತ್ತೆ. ಇನ್ನು ಕೆಲವಲ್ಲಿ ಒಂದು ಹನಿ ಬಣ್ಣದ ಆ್ಯಂಟಿಜೆನ್ ಅಷ್ಟೇ, ಆ ಹನಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬರು ಇಮ್ಮಡಿ ಮಾಡಿ ಬರೆಯುತ್ತಾರೆ, ಒಬ್ಬರು ಮಾಡದೆ ಬರೆಯುತ್ತಾರೆ. ಎರಡು ಲ್ಯಾಬಿನ ರಿಪೋರ್ಟ್ ಪಕ್ಕಪಕ್ಕ ಇಟ್ಟು "ಟೈಟರ್ ಏರಿದೆ" ಅನ್ನುವವರಿಗೆ ನಾನು ಈ ಮಾತನ್ನೇ ಮೊದಲು ಹೇಳುತ್ತೇನೆ.

ಒಂದು ಟ್ಯೂಬ್ ವ್ಯತ್ಯಾಸ ಪರೀಕ್ಷೆಯ ಒಳಗಿನ ಅಲುಗಾಟ. ಅದನ್ನು ಏರಿಕೆ ಅನ್ನುವಂತಿಲ್ಲ. ಎರಡು ಟ್ಯೂಬ್, ಅಂದರೆ ನಾಲ್ಕು ಪಟ್ಟು ಏರಿದರೆ ಮಾತ್ರ ಲೆಕ್ಕ. ಅದೂ ಎರಡೂ ಸೀರಮ್ ಒಂದೇ ದಿನ, ಒಂದೇ ಲಾಟ್, ಒಂದೇ ರ‍್ಯಾಕ್, ಒಂದೇ ಕೈ ಆಗಿದ್ದರೆ. ಜೋಡಿ ಸೀರಮ್‌ನ ಜೀವಾಳ ಇಷ್ಟೇ. ಮೊದಲನೆಯದನ್ನು ಬಂದ ದಿನ ಮಾಡಿ ರಿಪೋರ್ಟ್ ಕೊಡಿ, ಬೇಡ ಅನ್ನಲ್ಲ. ಆದರೆ ಎರಡನೆಯದು ಬಂದಾಗ ಮೊದಲನೆಯದನ್ನೂ ತೆಗೆದು ಮತ್ತೆ ಹಾಕಲೇಬೇಕು.

ಸೀರಮ್ ಇಡುವುದರಲ್ಲೇ ಶುರುವಿನ ಹೆಚ್ಚು ಸೋಲು. ಬೇರೆ ಕೆಲಸಕ್ಕೂ ಬಳಸುವ ಫ್ರೀಜರ್‌ನಲ್ಲಿ ಇಟ್ಟ ಸೀರಮ್ ಕರಗಿ, ಹೆಪ್ಪುಗಟ್ಟಿ, ಮತ್ತೆ ಕರಗಿ ಮೋಡ ಕಟ್ಟಿತು. ಅಂಥದ್ದರಲ್ಲಿ ಏನೂ ಓದೋಕೆ ಆಗಲ್ಲ. ಹೀಮೊಲೈಸ್ ಆದದ್ದೂ ಅಷ್ಟೇ. ಈಗ ಬಂದ ದಿನವೇ ಸೀರಮ್ ಬೇರೆ ಮಾಡಿ, ಎರಡು ಚಿಕ್ಕ ವಯಲ್‌ಗೆ ಹಂಚಿ, −20 ಡಿಗ್ರಿಗೆ ಹಾಕುತ್ತೇವೆ. ಕರಗಿಸುವುದು ಒಂದೇ ಸಲ. ಇನ್ನೊಂದು ವಯಲ್ ಏನಾದರೂ ಎಡವಟ್ಟಾದರೆ ಮಾತ್ರ. ವಯಲ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಹುಡುಕದೆ ಸಿಗುತ್ತೆ ಅನ್ನುವುದಕ್ಕೆ ನನ್ನದೇ ಒಂದು ಏರ್ಪಾಡು ಇದೆ. ಅದು ಇಲ್ಲಿ ಬೇಡ.

ದುಡ್ಡಿನ ವಿಷಯ. ಸ್ಲೈಡ್‌ಗಿಂತ ಟ್ಯೂಬ್‌ಗೆ ಕೆಲಸ ಜಾಸ್ತಿ, ಜೋಡಿ ಅಂದರೆ ಆ್ಯಂಟಿಜೆನ್ ಎರಡು ಪಟ್ಟು. ಎರಡನೇ ಪರೀಕ್ಷೆಗೆ ಪೂರ್ತಿ ದುಡ್ಡು ಕೇಳಿದಷ್ಟು ದಿನ ಯಾರೂ ವಾಪಸ್ ಬರಲಿಲ್ಲ. ಆಮೇಲೆ ಮೊದಲ ಬಿಲ್‌ನಲ್ಲೇ ಎರಡೂ ಸೇರಿಸಿ, ಒಂದೂವರೆ ಪಟ್ಟಿಗೆ ತಂದೆ. ಈಗಾಗಲೇ ಕೊಟ್ಟಿದ್ದೀವಲ್ಲ ಅಂತ ಜನ ಬರತೊಡಗಿದರು. ಸುಮಾರು ಅರ್ಧಕ್ಕಿಂತ ಜಾಸ್ತಿ ಮಂದಿ ಬರುತ್ತಾರೆ. ಉಳಿತಾಯ ಆದದ್ದು ಇನ್ನೊಂದು ಕಡೆ: ಬಂದ ಎಲ್ಲ ಸೀರಮ್‌ಗೂ ನಾಲ್ಕು ಆ್ಯಂಟಿಜೆನ್ ಟ್ಯೂಬ್ ಹಾಕುವುದನ್ನು ಬಿಟ್ಟೆ. ಜೋಡಿಗೆ ಓ ಮತ್ತು ಎಚ್. ಪ್ಯಾರಾಟೈಫಾಯ್ಡ್‌ನ ಎಎಚ್, ಬಿಎಚ್ ವೈದ್ಯರು ಕೇಳಿದರೆ ಮಾತ್ರ.

ನಾನು ಹಾಕುವ ರೀತಿ ಹೀಗಿದೆ. ನಮ್ಮದು ಹನಿ ಹಾಕುವ ಕಿಟ್. ಮೊದಲ ಟ್ಯೂಬ್‌ಗೆ 1.9 ಮಿಲಿ ಸಲೈನ್, 0.1 ಮಿಲಿ ಸೀರಮ್. ಅದು 1:20. ಮುಂದಿನ ಟ್ಯೂಬ್‌ಗಳಲ್ಲಿ ತಲಾ 1 ಮಿಲಿ ಸಲೈನ್. ಒಂದರಿಂದ ಒಂದಕ್ಕೆ 1 ಮಿಲಿ ದಾಟಿಸುತ್ತಾ 1:640ರ ತನಕ ಹೋಗುತ್ತೇನೆ, ಕೊನೆಯದರಿಂದ 1 ಮಿಲಿ ಚೆಲ್ಲುತ್ತೇನೆ. ಸಲೈನ್ ಮಾತ್ರ ಇರುವ ಒಂದು ಟ್ಯೂಬ್ ಕಂಟ್ರೋಲ್. ಪ್ರತಿ ಟ್ಯೂಬ್‌ಗೂ ಒಂದು ಹನಿ ಆ್ಯಂಟಿಜೆನ್, 37 ಡಿಗ್ರಿಯಲ್ಲಿ ರಾತ್ರಿಯಿಡೀ. ಬೆಳಿಗ್ಗೆ ಅಲ್ಲಾಡಿಸದೆ ಓದಬೇಕು. ಓ ಆದರೆ ತಳದಲ್ಲಿ ಹರಳುಹರಳಾಗಿ ಹರಡಿಕೊಂಡಿರುತ್ತೆ, ಎಚ್ ಹತ್ತಿಯ ಹಾಗೆ ಸಡಿಲವಾಗಿ ಕೂತಿರುತ್ತೆ. ನೆಗೆಟಿವ್ ಆದರೆ ಕಂಟ್ರೋಲ್‌ನಂತೆ ಗುಂಡಗೆ ಗುಂಡಿ. ಟೈಟರ್ ಗೊತ್ತಿರುವ ಒಂದು ಪಾಸಿಟಿವ್ ಸೀರಮ್ ಪ್ರತಿ ಸಲ ಜೊತೆಗೆ ಓಡಬೇಕು. ಅದು ಒಂದು ಟ್ಯೂಬ್‌ಗಿಂತ ಹೆಚ್ಚು ಸರಿದರೆ ಆ ದಿನದ ರ‍್ಯಾಕ್ ಪೂರ್ತಿ ರದ್ದು. ಎರಡು ಸೀರಮ್‌ನಲ್ಲಿ ಮೊದಲನೆಯದು ಯಾವುದು ಅಂತ ಓದುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಏರಿಕೆಯನ್ನೇ ಹುಡುಕುತ್ತೆ.

ಈಗ ಎರಡು ಕೇಸು. ಮೊದಲನೆಯವರು ಜ್ವರದ ನಾಲ್ಕನೇ ದಿನ ಬಂದರು. ಬೇರೆ ಕಡೆಯ ಸ್ಲೈಡ್ ರಿಪೋರ್ಟ್‌ನಲ್ಲಿ ಓ 1:160, ಎಚ್ 1:320, ಟೈಫಾಯ್ಡ್ ಮಾತ್ರೆ ಶುರುವಾಗಿತ್ತು. ನಮ್ಮ ಟ್ಯೂಬ್‌ನಲ್ಲಿ ಓ 1:80, ಎಚ್ 1:160. ಒಂದು ವಾರ ದಾಟಿದ ಮೇಲೆ ಎರಡನೇ ಸೀರಮ್ ಬಂತು. ಜೋಡಿಯಾಗಿ ಓಡಿಸಿದೆ. ಓ ಅದೇ 1:80, ಎಚ್ ಅದೇ 1:160. ಆರೋಗ್ಯವಂತರಲ್ಲೂ ನಮಗೆ ಸಿಗುವ ಮಟ್ಟ, ಅಲುಗಾಡೇ ಇಲ್ಲ. ವೈದ್ಯರಿಗೆ ಪ್ಲೇಟ್ಲೆಟ್ ಇಳಿದದ್ದರ ಮೇಲೆ ಮೊದಲೇ ಅನುಮಾನ ಇತ್ತು. ಅದೇ ಸೀರಮ್‌ನಲ್ಲಿ ಡೆಂಗ್ಯೂ ಐಜಿಎಂ ಪಾಸಿಟಿವ್ ಬಂತು.

ಎರಡನೆಯವರದ್ದು ಉಲ್ಟಾ. ಐದನೇ ದಿನ ಓ 1:20ಕ್ಕೂ ಇಲ್ಲ, ಎಚ್ 1:40. ಒಂಟಿ ರಿಪೋರ್ಟ್ ಆಗಿದ್ದರೆ "ನೆಗೆಟಿವ್" ಅಂತ ಮುಗಿಯುತ್ತಿತ್ತು. ವೈದ್ಯರು ಜಾಣರು, ಅದೇ ದಿನ ಆ್ಯಂಟಿಬಯಾಟಿಕ್‌ಗೆ ಮುಂಚೆ ಬ್ಲಡ್ ಕಲ್ಚರ್‌ಗೂ ಕಳಿಸಿದ್ದರು. ಕಲ್ಚರ್‌ನಲ್ಲಿ ಸಾಲ್ಮೊನೆಲ್ಲಾ ಟೈಫಿ ಬೆಳೆಯಿತು. ಎಂಟೊಂಬತ್ತು ದಿನದ ಮೇಲೆ ಜೋಡಿ ಓಡಿಸಿದಾಗ ಮೊದಲ ಸೀರಮ್ ಹಾಗೇ ಕೆಳಗೆ, ಎರಡನೆಯದರಲ್ಲಿ ಓ 1:160, ಎಚ್ 1:320. ಎರಡೂ ಒಟ್ಟಿಗೆ, ಮೂರು ಮೂರು ಟ್ಯೂಬ್‌ಗೂ ಕಮ್ಮಿಯಿಲ್ಲದೆ ಏರಿದ್ದವು. ನನ್ನನ್ನು ಅನುಮಾನಿಸಿದವರನ್ನೆಲ್ಲ ಕರೆದು ಆ ರ‍್ಯಾಕ್ ತೋರಿಸಿದೆ. ಅಂದಿನಿಂದ ಲ್ಯಾಬಿನಲ್ಲಿ ವಾದ ನಿಂತಿತು.

ಆದರೆ ಏರಿಕೆಗೂ ಮಿತಿ ಇದೆ. ರೋಗಿ ಮೂರನೇ ವಾರದಲ್ಲಿ ಬಂದರೆ ಟೈಟರ್ ಆಗಲೇ ತುದಿ ಮುಟ್ಟಿರುತ್ತೆ. ಕಲ್ಚರ್ ಪಾಸಿಟಿವ್ ಆದ ಒಬ್ಬರಲ್ಲಿ ಎರಡು ಸಲವೂ ಓ 1:320 ಬಂತು, ಏರಲೇ ಇಲ್ಲ. ಆ್ಯಂಟಿಬಯಾಟಿಕ್ ಬೇಗ ಶುರುವಾದರೆ ಕೆಲವರಲ್ಲಿ ಆ್ಯಂಟಿಬಾಡಿ ಸರಿಯಾಗಿ ಏರುವುದೇ ಇಲ್ಲ. ಹಾಗಾಗಿ ಏರಲಿಲ್ಲ ಅಂದ ಮಾತ್ರಕ್ಕೆ ಟೈಫಾಯ್ಡ್ ಅಲ್ಲ ಅಂತ ನಾನು ಬರೆಯಲ್ಲ. ಓ ಏರಿದರೂ ಅದು ಇತ್ತೀಚಿನ ಸಾಲ್ಮೊನೆಲ್ಲಾ ಸೋಂಕಿನ ಕಡೆ ಬೆರಳು ತೋರಿಸುತ್ತೆ ಅಷ್ಟೇ. ಟೈಫಿಯ 9 ಮತ್ತು 12ನೇ ಓ ಆ್ಯಂಟಿಜೆನ್ ಎಂಟೆರಿಟಿಡಿಸ್‌ನಲ್ಲೂ ಇವೆ. ಎಚ್ ಒಂದೇ ಏರಿದರೆ ನನಗೆ ಇನ್ನೂ ಅನುಮಾನ ಜಾಸ್ತಿ. ಮತ್ತೆ, ಜೋಡಿಯ ಫಲಿತಾಂಶ ಬರುವ ಹೊತ್ತಿಗೆ ಚಿಕಿತ್ಸೆ ಅರ್ಧ ಮುಗಿದಿರುತ್ತೆ. ಮೊದಲ ವಾರದ ತೀರ್ಮಾನಕ್ಕೆ ಕಲ್ಚರ್ ಬೇಕೇ ಬೇಕು. ದೊಡ್ಡವರಲ್ಲಿ 8ರಿಂದ 10 ಮಿಲಿ ರಕ್ತ, ಮಾತ್ರೆಗೆ ಮುಂಚೆ.

ಸ್ಲೈಡ್ ಮೇಲೂ ಒಂದಿಷ್ಟು ಆಟ ಆಡಿದೆ. ಆರೋಗ್ಯವಂತರ ಅದೇ ನೆಗೆಟಿವ್ ಸೀರಮ್‌ಗಳನ್ನು ಒಂದು ನಿಮಿಷಕ್ಕೆ ಓದಿದೆ, ಮೂರು ನಾಲ್ಕು ನಿಮಿಷ ಬಿಟ್ಟು ಮತ್ತೆ ಓದಿದೆ. ಅಂಚು ಒಣಗಿದ ಕಡೆ ಹರಳು ಕಟ್ಟಿ ಒಂದಷ್ಟು "ಪಾಸಿಟಿವ್" ಆಗಿಬಿಟ್ಟವು. ಫ್ಯಾನ್ ಕೆಳಗೆ ಇನ್ನೂ ಬೇಗ. ಈಗ ನಮ್ಮಲ್ಲಿ ಸ್ಲೈಡ್ ಪಕ್ಕ ಟೈಮರ್ ಇಲ್ಲದೆ ಯಾರೂ ಓದುವಂತಿಲ್ಲ, ಸ್ಲೈಡ್‌ನಲ್ಲಿ ಕಂಡದ್ದನ್ನು ಟ್ಯೂಬ್ ಹಾಕದೆ ರಿಪೋರ್ಟ್ ಮಾಡುವಂತಿಲ್ಲ.

ರಿಪೋರ್ಟ್‌ನಲ್ಲಿ "ಪಾಸಿಟಿವ್", "ನೆಗೆಟಿವ್" ಅನ್ನುವ ಪದ ತೆಗೆದುಹಾಕಿದ್ದೇನೆ. ಜ್ವರದ ಎಷ್ಟನೇ ದಿನ, ಆ್ಯಂಟಿಬಯಾಟಿಕ್ ಶುರುವಾಗಿದೆಯಾ, ಓ ಎಷ್ಟು, ಎಚ್ ಎಷ್ಟು, ಕಿಟ್ ಲಾಟ್ ನಂಬರ್, ನಮ್ಮ ಆರೋಗ್ಯವಂತರಲ್ಲಿ ಸಿಗುವ ಮಟ್ಟ, ಎರಡನೇ ಸೀರಮ್ ಕಳಿಸಬೇಕಾದ ತಾರೀಖು. ತಾರೀಖನ್ನು ಮೊದಲ ಸೀರಮ್‌ನಿಂದ 7ರಿಂದ 10 ದಿನದೊಳಗೆ ಹಾಕುತ್ತೇವೆ, ರೋಗಿಯ ಕೈಗೆ ಕೊಡುವ ಚೀಟಿಯಲ್ಲೂ ಅದನ್ನೇ ದೊಡ್ಡದಾಗಿ ಬರೆಯುತ್ತೇವೆ.