ಎರಡು ಸಲ ಗೂಢೀಕರಿಸಿದರೆ ಭದ್ರತೆ ಏಕೆ ಇಮ್ಮಡಿಯಾಗುವುದಿಲ್ಲ? ಕಾಗದದ ಮೇಲೆ ಮಾಡಿ ನೋಡಿ

ಅಮೆರಿಕ ಸರ್ಕಾರ 1977ರಲ್ಲಿ ಡಿಇಎಸ್ ಎಂಬ ಗೂಢೀಕರಣ ವಿಧಾನವನ್ನು ಮಾನಕವಾಗಿ ಪ್ರಕಟಿಸಿತು. ಅದರ ಕೀಲಿ 56 ಬಿಟ್‌ಗಳದ್ದು. ಇಷ್ಟು ಚಿಕ್ಕ ಕೀಲಿ ಸಾಲದು ಎಂಬ ತಕರಾರು ಆಗಲೇ ಎದ್ದಿತ್ತು. ಅದಕ್ಕೆ ಯಾರಿಗಾದರೂ ತಟ್ಟನೆ ಹೊಳೆಯುವ ಪರಿಹಾರವೆಂದರೆ, ಒಂದು ಕೀಲಿಯಿಂದ ಗೂಢೀಕರಿಸಿದ್ದನ್ನು ಇನ್ನೊಂದು ಕೀಲಿಯಿಂದ ಮತ್ತೊಮ್ಮೆ ಗೂಢೀಕರಿಸುವುದು. 56 ಮತ್ತು 56 ಸೇರಿ 112 ಬಿಟ್ ಆಯಿತು, ಕಳ್ಳ 2¹¹² ಜೋಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು ಎಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕ ತಪ್ಪು ಎಂದು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಅದೇ ವರ್ಷ ತೋರಿಸಿದರು. ಕಳ್ಳನ ಕೆಲಸ ಸುಮಾರು 2⁵⁷ ಲೆಕ್ಕಗಳಿಗೆ ಮುಗಿಯುತ್ತದೆ. ಎರಡನೇ ಕೀಲಿಯಿಂದ ಹೆಚ್ಚಿದ್ದು ಒಂದೇ ಒಂದು ಬಿಟ್.

ಇದನ್ನು ಓದಿ ನಂಬುವುದಕ್ಕಿಂತ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಒಂದು ಪುಟ್ಟ ಗೂಢಲಿಪಿ ಕಟ್ಟಿಕೊಳ್ಳಿ

ನಮ್ಮ ಸಂದೇಶ 00ರಿಂದ 99ರವರೆಗಿನ ಎರಡಂಕಿಯ ಸಂಖ್ಯೆ. ಕೀಲಿ 0ಯಿಂದ 9ರವರೆಗಿನ ಒಂದು ಅಂಕಿ. ಗೂಢೀಕರಿಸಲು ಕೀಲಿಯ ಮೂರು ಪಟ್ಟನ್ನು ಸಂದೇಶಕ್ಕೆ ಕೂಡಿಸಿ, ಮೊತ್ತ 99 ದಾಟಿದರೆ ನೂರನ್ನು ಕಳೆಯಿರಿ, ಉಳಿದ ಎರಡು ಅಂಕಿಗಳನ್ನು ಅದಲುಬದಲು ಮಾಡಿ. ಬಿಡಿಸುವುದು ಇದರ ಹಿಮ್ಮುಖ: ಮೊದಲು ಅಂಕಿಗಳನ್ನು ಅದಲುಬದಲು ಮಾಡಿ, ಆಮೇಲೆ ಕೀಲಿಯ ಮೂರು ಪಟ್ಟನ್ನು ಕಳೆಯಿರಿ, ಸೊನ್ನೆಗಿಂತ ಕೆಳಗಿಳಿದರೆ ನೂರನ್ನು ಸೇರಿಸಿ.

ಈಗ ಕೀಲಿ 4, ನಂತರ ಕೀಲಿ 2 ಬಳಸಿ 47 ಎಂಬ ಸಂದೇಶವನ್ನು ಎರಡು ಸಲ ಗೂಢೀಕರಿಸೋಣ. 47ಕ್ಕೆ 12 ಕೂಡಿಸಿದರೆ 59, ತಿರುಗಿಸಿದರೆ 95. ಅದಕ್ಕೆ 6 ಕೂಡಿಸಿದರೆ 101, ನೂರು ಕಳೆದರೆ 01, ತಿರುಗಿಸಿದರೆ 10. ನಡುವೆ ಬಂದ 95 ಯಾರಿಗೂ ಕಾಣುವುದಿಲ್ಲ, ಹೊರಗೆ ಹೋಗುವುದು 10 ಮಾತ್ರ.

ಈಗ ಕಳ್ಳನ ಜಾಗದಲ್ಲಿ ಕುಳಿತುಕೊಳ್ಳಿ

ನಿಮಗೆ ಗೊತ್ತಿರುವುದು ಇಷ್ಟೇ: 47 ಒಳಗೆ ಹೋಗಿ 10 ಆಗಿ ಹೊರಬಂದಿದೆ. ಇಂಥ ಒಂದು ಜೋಡಿ ಸಿಗುವುದು ಅಪರೂಪವಲ್ಲ. ಎಷ್ಟೋ ಬಗೆಯ ಕಡತಗಳು ಒಂದೇ ರೀತಿಯ ಕೆಲವು ಬೈಟ್‌ಗಳಿಂದ ಶುರುವಾಗುತ್ತವೆ, ಆ ಆರಂಭ ಎಲ್ಲರಿಗೂ ಗೊತ್ತಿರುತ್ತದೆ.

ಹತ್ತು ಮೊದಲ ಕೀಲಿಗಳು, ಹತ್ತು ಎರಡನೆಯ ಕೀಲಿಗಳು, ಒಟ್ಟು ನೂರು ಜೋಡಿಗಳಿವೆ. ನೂರನ್ನೂ ಪರೀಕ್ಷಿಸುವ ಬದಲು 47ನ್ನು ಹತ್ತೂ ಕೀಲಿಗಳಿಂದ ಒಂದೊಂದೇ ಸಲ ಗೂಢೀಕರಿಸಿ ಬರೆದುಕೊಳ್ಳಿ. ಅದರ ಕೆಳಗೆ 10ನ್ನು ಹತ್ತೂ ಕೀಲಿಗಳಿಂದ ಒಂದೊಂದೇ ಸಲ ಬಿಡಿಸಿ ಬರೆಯಿರಿ.

```
ಕೀಲಿ          0   1   2   3   4   5   6   7   8   9
47 ಮುಂದಕ್ಕೆ   74  05  35  65  95  26  56  86  17  47
10 ಹಿಂದಕ್ಕೆ   01  98  95  92  89  86  83  80  77  74
```

ಮೇಲಿನ ಸಾಲಿನಲ್ಲಿರುವುದು ಎಡದಿಂದ, ಅಂದರೆ 47ರಿಂದ ಹೊರಟರೆ ನಡುವೆ ಸಿಗಬಹುದಾದ ಸಂಖ್ಯೆಗಳು. ಕೆಳಗಿನ ಸಾಲಿನಲ್ಲಿರುವುದು ಬಲದಿಂದ, ಅಂದರೆ 10ರಿಂದ ಹೊರಟರೆ ನಡುವೆ ಸಿಗಬಹುದಾದವು. ನಿಜವಾದ ಕೀಲಿಗಳ ಜೋಡಿಗೆ ಇವೆರಡೂ ಒಂದೇ ಆಗಿರಲೇಬೇಕು. ಹಾಗಾಗಿ ಎರಡೂ ಸಾಲುಗಳಲ್ಲಿ ಇರುವ ಸಂಖ್ಯೆಗಳನ್ನು ಹುಡುಕಿ. 95 ಸಿಗುತ್ತದೆ: ಮೇಲೆ 4, ಕೆಳಗೆ 2. 86 ಸಿಗುತ್ತದೆ: 7 ಮತ್ತು 5. 74 ಕೂಡ ಸಿಗುತ್ತದೆ: 0 ಮತ್ತು 9. ಇಪ್ಪತ್ತೇ ಲೆಕ್ಕಗಳಲ್ಲಿ ನೂರು ಜೋಡಿಗಳಲ್ಲಿ ತೊಂಬತ್ತೇಳು ಉದುರಿಹೋದವು.

ಗಮನಿಸಬೇಕಾದದ್ದು ಇಲ್ಲಿದೆ. ನಡುವಿನ ಸಂಖ್ಯೆಯನ್ನು ತಿಳಿಯಲು ಒಂದು ಬದಿಯ ಕೀಲಿ ಸಾಕು, ಇನ್ನೊಂದರ ಗೊಡವೆಯೇ ಬೇಡ. ಆದ್ದರಿಂದ ಎರಡು ಕೀಲಿಗಳ ಹುಡುಕಾಟ ಒಂದರೊಡನೊಂದು ಗುಣಿಸಿಕೊಳ್ಳುವುದಿಲ್ಲ, ಕೂಡಿಕೊಳ್ಳುತ್ತದೆ ಅಷ್ಟೆ. 10 × 10 ಆಗಬೇಕಿದ್ದದ್ದು 10 + 10 ಆಯಿತು.

ಸುಳ್ಳು ಹೊಂದಿಕೆಗಳನ್ನು ಜರಡಿ ಹಿಡಿಯಿರಿ

ಮೂರು ಜೋಡಿಗಳು ಉಳಿದಿವೆಯಲ್ಲ, ನಿಜವಾದದ್ದು ಯಾವುದು? ಇದಕ್ಕೆ ಇನ್ನೊಂದು ಗೊತ್ತಿರುವ ಸಂದೇಶ ಬೇಕು. ಅದೇ ಕೀಲಿಗಳಿಂದ 38 ಎಂಬುದು 11 ಆಗಿದೆ ಎಂದಿಟ್ಟುಕೊಳ್ಳಿ. 4 ಮತ್ತು 2ರಿಂದ ಮಾಡಿದರೆ 38 ಮೊದಲು 05 ಆಗುತ್ತದೆ, ಆಮೇಲೆ 11. ಸರಿಹೋಯಿತು. 7 ಮತ್ತು 5ರಿಂದ ಮಾಡಿದರೆ 01 ಬರುತ್ತದೆ, 0 ಮತ್ತು 9ರಿಂದಲೂ 01. ಎರಡನ್ನೂ ಹೊಡೆದುಹಾಕಿ.

ಡಿಇಎಸ್‌ನಲ್ಲೂ ಇದೇ ನಡೆಯುತ್ತದೆ. ಅದು ಒಂದು ಸಲಕ್ಕೆ 64 ಬಿಟ್‌ಗಳ ತುಂಡನ್ನು ಗೂಢೀಕರಿಸುತ್ತದೆ. 2¹¹² ಜೋಡಿಗಳು 2⁶⁴ ಸಂಖ್ಯೆಗಳ ಮೇಲೆ ಹರಡಿಕೊಂಡರೆ ಒಂದೇ ತುಂಡಿನ ಪರೀಕ್ಷೆಯಲ್ಲಿ ಸುಮಾರು 2⁴⁸ ಜೋಡಿಗಳು ಆಕಸ್ಮಿಕವಾಗಿ ಪಾಸಾಗುತ್ತವೆ. ಎರಡನೇ ತುಂಡನ್ನು ಪರೀಕ್ಷಿಸಿದ ಮೇಲೆ ಒಂದಾದರೂ ಸುಳ್ಳು ಜೋಡಿ ಉಳಿದುಕೊಳ್ಳುವ ಸಂಭವ ಸುಮಾರು 65,536ರಲ್ಲಿ ಒಂದು. ಹೀಗಾಗಿ ಎರಡು ತುಂಡುಗಳು ಗೊತ್ತಿದ್ದರೆ ಕಳ್ಳನಿಗೆ ಬಹುಮಟ್ಟಿಗೆ ಸಾಕು.

ಜಾಗದ ಲೆಕ್ಕವನ್ನೂ ಮಾಡಿ

ನಮ್ಮ ಮೇಲಿನ ಸಾಲು ಹಾಳೆಯ ಒಂದು ಮೂಲೆಯಲ್ಲಿ ಹಿಡಿಸಿತು. ಡಿಇಎಸ್‌ನ ಸಾಲಿನಲ್ಲಿ 2⁵⁶ ನಮೂದುಗಳಿರುತ್ತವೆ, ಅಂದರೆ ಸುಮಾರು 72 ಸಾವಿರ ಲಕ್ಷ ಕೋಟಿ. ಪ್ರತಿ ನಮೂದಿಗೆ ನಡುವಿನ ಸಂಖ್ಯೆಗೆ 8 ಬೈಟ್, ಕೀಲಿಗೆ 7 ಬೈಟ್ ಬೇಕು. ಎಲ್ಲ ಸೇರಿ ಸುಮಾರು ಹತ್ತು ಲಕ್ಷ ಟೆರಾಬೈಟ್. ಕೆಳಗಿನ ಸಾಲನ್ನು ಇಟ್ಟುಕೊಳ್ಳಬೇಕಿಲ್ಲ, ಒಂದೊಂದೇ ಸಂಖ್ಯೆಯನ್ನು ಲೆಕ್ಕ ಹಾಕಿ ಮೇಲಿನ ಪಟ್ಟಿಯಲ್ಲಿ ಹುಡುಕಿ ಬಿಟ್ಟುಬಿಡಬಹುದು. ಪಟ್ಟಿಯನ್ನು ನಡುವಿನ ಸಂಖ್ಯೆಯ ಕ್ರಮದಲ್ಲಿ ಜೋಡಿಸಿಡುವುದು ಮಾತ್ರ ಕಡ್ಡಾಯ, ಇಲ್ಲದಿದ್ದರೆ ಹುಡುಕುವುದರಲ್ಲೇ ಉಳಿತಾಯವೆಲ್ಲ ಕರಗಿಹೋಗುತ್ತದೆ.

ಇಷ್ಟು ಜಾಗ ಯಾರ ಬಳಿ ಇರುತ್ತದೆ, ಹಾಗಾದರೆ ಎರಡು ಸಲ ಗೂಢೀಕರಿಸಿದ್ದು ಸುರಕ್ಷಿತವೇ ಅಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಇದು ಅಪಾಯಕಾರಿ ಸಮಾಧಾನ. ಜಾಗ ಕಡಿಮೆಯಿದ್ದರೆ ಕಳ್ಳ ಮೇಲಿನ ಸಾಲನ್ನು ತುಂಡರಿಸಿಕೊಳ್ಳುತ್ತಾನೆ. ನಮ್ಮ ಆಟದಲ್ಲೇ ನೋಡಿ: ಮೊದಲು 0ಯಿಂದ 4ರವರೆಗಿನ ಐದು ನಮೂದುಗಳನ್ನಷ್ಟೇ ಬರೆದು ಕೆಳಗಿನ ಹತ್ತನ್ನೂ ಹೋಲಿಸಿ, ಅವನ್ನು ಅಳಿಸಿ 5ರಿಂದ 9ರವರೆಗೆ ಬರೆದು ಮತ್ತೆ ಹತ್ತನ್ನೂ ಹೋಲಿಸಿ. ಅರ್ಧ ಜಾಗದಲ್ಲಿ ಮೂವತ್ತು ಲೆಕ್ಕಗಳಿಗೆ ಕೆಲಸ ಮುಗಿಯುತ್ತದೆ, ನೂರಕ್ಕಂತೂ ಹೋಗುವುದಿಲ್ಲ. ಡಿಇಎಸ್‌ನಲ್ಲಿ ಪಟ್ಟಿಯನ್ನು 1,024 ಭಾಗ ಮಾಡಿದರೆ ಸುಮಾರು ಒಂದು ಸಾವಿರ ಟೆರಾಬೈಟ್ ಸಾಕು. ಕೆಲಸ ಸುಮಾರು 2⁶⁶ಕ್ಕೆ ಏರುತ್ತದೆ, ಆದರೂ ಅದು 2¹¹²ರ ಹತ್ತಿರಕ್ಕೂ ಸುಳಿಯುವುದಿಲ್ಲ. ಜಾಗ ಎಷ್ಟು ಪಟ್ಟು ತಗ್ಗುತ್ತದೋ ಸಮಯ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹೆಚ್ಚುತ್ತದೆ.

ಒಂದೇ ಸಲ ಬಳಸಿದ ಡಿಇಎಸ್‌ನ ಎಲ್ಲ ಕೀಲಿಗಳನ್ನು ಹುಡುಕಲೆಂದೇ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಕಟ್ಟಿದ ಯಂತ್ರ 1998ರಲ್ಲಿ 56 ಗಂಟೆಗಳಲ್ಲಿ ಕೀಲಿಯನ್ನು ಪತ್ತೆ ಮಾಡಿತು. 2⁵⁶ ಎಂಬುದು ಅಂದಿಗೇ ಕೈಗೆಟುಕುವ ಸಂಖ್ಯೆಯಾಗಿತ್ತು.

ಮೂರು ಸಲ ಮಾಡಿದರೆ?

ಇದೇ ಕಾರಣಕ್ಕೆ ಬಳಕೆಗೆ ಬಂದದ್ದು ಎರಡು ಸಲದ ಡಿಇಎಸ್ ಅಲ್ಲ, ಮೂರು ಸಲದ ಡಿಇಎಸ್. ನಮ್ಮ ಪುಟ್ಟ ಗೂಢಲಿಪಿಯನ್ನು ಮೂರು ಕೀಲಿಗಳಿಂದ ಮೂರು ಸಲ ಓಡಿಸಿ, ಕಳ್ಳ ಎಲ್ಲಿ ಸಂಧಿಸಬಹುದು ಎಂದು ಯೋಚಿಸಿ. ಮೊದಲ ಕೀಲಿಯ ಬಳಿಕ ಸಂಧಿಸಿದರೆ ಎಡದಿಂದ ಹತ್ತು ಸಂಖ್ಯೆಗಳು, ಬಲದಿಂದ ಎರಡು ಕೀಲಿಗಳನ್ನು ದಾಟಿ ಬರಬೇಕಾದ್ದರಿಂದ ನೂರು. ಎರಡನೆಯದರ ಬಳಿಕ ಸಂಧಿಸಿದರೆ ಎಡಕ್ಕೆ ನೂರು, ಬಲಕ್ಕೆ ಹತ್ತು. ಎಲ್ಲಿ ನಿಂತರೂ ಒಂದು ಬದಿಗೆ ಎರಡು ಕೀಲಿಗಳು ಬಿದ್ದೇ ಬೀಳುತ್ತವೆ. ಸಾವಿರ ಆಗಬೇಕಿದ್ದ ಕೆಲಸ ಸುಮಾರು ನೂರ ಹತ್ತಾಗುತ್ತದೆಯೇ ಹೊರತು ಮೂವತ್ತಕ್ಕೆ ಇಳಿಯುವುದಿಲ್ಲ. ಮೂರು ಬೇರೆ ಬೇರೆ ಕೀಲಿಗಳ ಡಿಇಎಸ್‌ಗೆ ಹೆಸರಿಗೆ 168 ಬಿಟ್‌ಗಳ ಕೀಲಿಯಿದ್ದರೂ ಅದರ ಬಲವನ್ನು 112 ಬಿಟ್ ಎಂದೇ ಎಣಿಸುವುದು ಇದೇ ಲೆಕ್ಕದಿಂದ.